ಹತ್ತು ಪೇಪರು, ಹದಿಮೂರು ಚಾಪ್ಟರು

2019ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ನಮ್ಮ ಕಾಲೇಜಿನಲ್ಲಿ ಗಣಿತದಲ್ಲಿ ಮಾತ್ರ ಫೇಲಾದವರದೇ ಒಂದು ಗುಂಪಾಯಿತು. ಜೂನ್‌ನಲ್ಲಿ ಪೂರಕ ಪರೀಕ್ಷೆ. ರಜೆಯಲ್ಲಿ ಬೆಳಗ್ಗೆ ಎರಡು ಗಂಟೆ ಪಾಠ ಮಾಡೋಣ ಎಂದು ಪ್ರಿನ್ಸಿಪಾಲರು ಕೇಳಿದಾಗ ನಾನು ಒಪ್ಪಿಕೊಂಡೆ. ಬಂದ ಮಕ್ಕಳಿಗೆ ಹೊಸದಾಗಿ ಹದಿಮೂರು ಅಧ್ಯಾಯ ಕಲಿಸಲು ಸಮಯವಿರಲಿಲ್ಲ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಮೊದಲ ದಿನವೇ ತೀರ್ಮಾನವಾಗಬೇಕಿತ್ತು.

ಆ ಗುಂಪಿನಲ್ಲಿದ್ದ ಒಬ್ಬ ಹುಡುಗಿ ನನಗಿಂತ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು. ಅವಳಣ್ಣನ ಕಾಲದ ಒಂದು ಗೈಡು, ಅದರ ಜೊತೆ ಒಂದು ಉದ್ದನೆಯ ನೋಟ್‌ಬುಕ್ಕು. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಚಾಪ್ಟರುಗಳ ಹೆಸರು, ಮೇಲೆ ಇಸವಿಗಳು, ನಡುವೆ ಗೀಟುಗಳು. 2009ರಿಂದ 2018ರವರೆಗೆ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಕೂತು ಎಣಿಸಿದ್ದಳು.

‘ಮೇಡಂ, ಇಂಟಿಗ್ರೇಷನ್ನೇ ಜಾಸ್ತಿ ಬಂದಿರೋದು. ಅದಕ್ಕೇ ಮಾರ್ಚಿಗೆ ಅದನ್ನೇ ಓದಿದ್ದೆ.’

‘ಎಷ್ಟು ಬಂತಮ್ಮ ಮಾರ್ಚಿನಲ್ಲಿ?’

‘ಹತ್ತೊಂಬತ್ತು.’

ಎಣಿಸಿದ್ದು ಸರಿಯಿತ್ತು. ಇಂಟಿಗ್ರಲ್ಸ್ ನಿಜಕ್ಕೂ ಆ ಪುಸ್ತಕದ ಅತಿ ದೊಡ್ಡ ಅಧ್ಯಾಯ. ಹಾಗಾದರೆ ಸರಿಯಾದ ಎಣಿಕೆ ಇಟ್ಟುಕೊಂಡೂ ಅವಳು ಪಾಸಾಗಲಿಲ್ಲ ಏಕೆ? ಆ ಬೇಸಿಗೆಯಲ್ಲಿ ನಾನು ಪಾಠಕ್ಕಿಂತ ಹೆಚ್ಚಾಗಿ ತಲೆ ಕೆಡಿಸಿಕೊಂಡದ್ದು ಈ ಪ್ರಶ್ನೆಗೆ. ಅವಳ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಇಡೀ ಗುಂಪು ಮತ್ತೆ ಎಣಿಸಲು ಕೂತೆವು.

ಮೊದಲು ಕಣ್ಣಿಗೆ ಬಿದ್ದದ್ದು ಇಸವಿಗಳ ಸಾಲು. ಕರ್ನಾಟಕದ ಪಿಯು ವಿಜ್ಞಾನ ವಿಷಯಗಳು ಎನ್‌ಸಿಇಆರ್‌ಟಿ ಪಠ್ಯಕ್ಕೆ ಬದಲಾದ ಮೇಲೆ ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆ ನಡೆದದ್ದು ಮಾರ್ಚ್ 2014ರಲ್ಲಿ. ಅದಕ್ಕೂ ಹಿಂದಿನದು ಬೇರೆಯೇ ಲೋಕ. ನಂಬರ್ ಥಿಯರಿ, ಗ್ರೂಪ್ಸ್, ಸರ್ಕಲ್ಸ್, ಕೋನಿಕ್ ಸೆಕ್ಷನ್ಸ್, ಕಾಂಪ್ಲೆಕ್ಸ್ ನಂಬರ್ಸ್ ಎಲ್ಲ ಎರಡನೇ ವರ್ಷದಲ್ಲೇ ಇದ್ದವು. ನಾನು ಓದಿದ್ದೂ ಅದನ್ನೇ. ಪ್ರಾಬಬಿಲಿಟಿ, ಲೀನಿಯರ್ ಪ್ರೋಗ್ರಾಮಿಂಗ್ ಇರಲಿಲ್ಲ. ಅವಳ ಪಟ್ಟಿಯ ಹತ್ತು ವರ್ಷದಲ್ಲಿ ಅರ್ಧ ವರ್ಷಗಳು ಈ ಹಳೇ ಲೋಕದವು. ಎರಡೂ ಲೋಕದಲ್ಲಿ ಇದ್ದ ಇಂಟಿಗ್ರೇಷನ್‌ಗೆ ಹತ್ತೂ ವರ್ಷದ ಗೀಟು ಬಿದ್ದಿತ್ತು. 2014ರಿಂದ ತಪ್ಪದೇ ಬರುತ್ತಿದ್ದ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಐದು ವರ್ಷದ್ದು ಮಾತ್ರ. ಪಟ್ಟಿ ನೋಡಿದವರಿಗೆ ಎಲ್‌ಪಿಪಿ ಎರಡು ವರ್ಷಕ್ಕೊಮ್ಮೆ ಬರುವ ಅಧ್ಯಾಯದ ಹಾಗೆ ಕಾಣುತ್ತಿತ್ತು.

ಹಾಗಾಗಿ ಹತ್ತು ವರ್ಷವನ್ನು ಕೈಬಿಟ್ಟು ಹತ್ತು ಪೇಪರನ್ನು ಹಿಡಿದೆವು. 2014ರಿಂದ 2018ರವರೆಗೆ ಮಾರ್ಚಿನವು ಐದು, ಪೂರಕ ಪರೀಕ್ಷೆಯವು ಐದು. ಇಲಾಖೆಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಬೇರೆ ಇಟ್ಟೆವು. ಅವು ಬಂದ ಪ್ರಶ್ನೆಗಳಲ್ಲ, ಬರಬಹುದಾದವು. ಮಕ್ಕಳು ತಾವೇ ಬರೆದು ಬಂದಿದ್ದ ಮಾರ್ಚ್ 2019ರ ಪೇಪರನ್ನು ಮಾತ್ರ ನಾನು ಕಸಿದುಕೊಂಡು ಬೀರುವಿನಲ್ಲಿಟ್ಟೆ. ಹತ್ತು ಪೇಪರಿನಿಂದ ಏನು ತಿಳಿದುಕೊಳ್ಳುತ್ತೇವೋ ಅದು ನಿಜವೋ ಸುಳ್ಳೋ ಎಂದು ನೋಡಲು ಒಂದು ಪೇಪರಾದರೂ ಎಣಿಕೆಗೆ ಸೇರದೆ ಹೊರಗೆ ಉಳಿಯಬೇಕಲ್ಲ.

ಇನ್ನು ಎಣಿಸುವುದು ಏನನ್ನು? ಅವಳು ಎಣಿಸಿದ್ದು ಪ್ರಶ್ನೆಗಳನ್ನು. ಆಗಿನ ಪೇಪರಿನ ರಚನೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಟ್ಟು ಐವತ್ತು ಪ್ರಶ್ನೆ. ‘ಎ’ ಭಾಗದಲ್ಲಿ ಒಂದು ಅಂಕದ ಹತ್ತು, ಎಲ್ಲಕ್ಕೂ ಉತ್ತರಿಸಬೇಕು. ‘ಬಿ’ಯಲ್ಲಿ ಎರಡು ಅಂಕದ ಹದಿನಾಲ್ಕು, ‘ಸಿ’ಯಲ್ಲಿ ಮೂರು ಅಂಕದ ಹದಿನಾಲ್ಕು, ಎರಡರಲ್ಲೂ ಹತ್ತು ಬರೆದರೆ ಸಾಕು. ‘ಡಿ’ಯಲ್ಲಿ ಐದು ಅಂಕದ ಹತ್ತು, ಬರೆಯಬೇಕಾದ್ದು ಆರು. ‘ಇ’ಯಲ್ಲಿ ಹತ್ತು ಅಂಕದ ಎರಡು, ಒಂದನ್ನು ಆರಿಸಿಕೊಳ್ಳಬೇಕು, ಒಂದೊಂದರಲ್ಲೂ ಆರು ಅಂಕದ ತುಂಡೊಂದು, ನಾಲ್ಕರದೊಂದು. ಕೂಡಿಸಿದರೆ ಪೇಪರಿನಲ್ಲಿ ಅಚ್ಚಾದದ್ದು 150 ಅಂಕದ ಪ್ರಶ್ನೆ, ಬರೆಯುವುದು 100ಕ್ಕೆ, ಪಾಸಾಗುವುದು 35ಕ್ಕೆ. ಹೀಗಿರುವಾಗ ಒಂದು ಅಂಕದ ಪ್ರಶ್ನೆಗೂ ಆರು ಅಂಕದ ಪ್ರಶ್ನೆಗೂ ಒಂದೊಂದೇ ಗೀಟು ಹಾಕಿದರೆ ಏನಾಗುತ್ತದೆ? ವೆಕ್ಟರ್ ಅಧ್ಯಾಯದಿಂದ ಬರುವುದೆಲ್ಲ ಒಂದು, ಎರಡು, ಮೂರು ಅಂಕದ ಚಿಲ್ಲರೆ. ಗೀಟು ಮಾತ್ರ ದಂಡಿಯಾಗಿ ಬೀಳುತ್ತದೆ. ಎಲ್‌ಪಿಪಿಗೆ ಪೇಪರಿಗೆ ಎರಡೇ ಗೀಟು, ಆದರೆ ಅದರಲ್ಲೊಂದು ಆರು ಅಂಕದ್ದು.

ಗೀಟು ಬಿಟ್ಟು ಅಂಕ ಬರೆದೆವು. ಕರಿಹಲಗೆಯ ಮೇಲೆ ಹದಿಮೂರು ಸಾಲು, ಹತ್ತು ಕಾಲಂ. ಒಬ್ಬರು ಪ್ರಶ್ನೆ ಓದುವುದು, ಇನ್ನೊಬ್ಬರು ಯಾವ ಅಧ್ಯಾಯ ಎನ್ನುವುದು, ಮೂರನೆಯವರು ಬರೆಯುವುದು. ಅಧ್ಯಾಯ ಗುರುತಿಸಲಾರದೆ ತಡವರಿಸುವ ಹುಡುಗರಿಗೆ ಅದೇ ಒಂದು ಪಾಠವಾಯಿತು. ಗಲಾಟೆಯೂ ಆಯಿತು. ಡಿಟರ್ಮಿನೆಂಟ್ ಬಳಸಿ ತ್ರಿಕೋನದ ವಿಸ್ತೀರ್ಣ ಕಂಡುಹಿಡಿಯಿರಿ ಎಂದರೆ ಎಲ್ಲಿ ಹಾಕಬೇಕು? ಇನ್ವರ್ಸ್ ಟ್ರಿಗ್ನಾಮೆಟ್ರಿ ಫಂಕ್ಷನ್ನಿನ ಡಿರೈವೇಟಿವ್ ಕೇಳಿದರೆ? ಪಠ್ಯಪುಸ್ತಕದ ಯಾವ ಅಭ್ಯಾಸದಲ್ಲಿ ಆ ಲೆಕ್ಕ ಕೂತಿದೆಯೋ ಅದೇ ಅದರ ಮನೆ ಎಂದು ನಿಯಮ ಮಾಡಿ ಜಗಳ ಮುಗಿಸಿದೆ.

ಕಾಲಂಗಳು ತುಂಬುತ್ತಾ ಹೋದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಮೇಡಂ, ಎಲ್ಲಾ ಕಾಲಮ್ಮೂ ಒಂದೇ ಥರ ಇದೆ’ ಅಂದ. ಇಂಟಿಗ್ರಲ್ಸ್ 22ರ ಆಸುಪಾಸು, ಕಂಟಿನ್ಯುಯಿಟಿ ಮತ್ತು ಡಿಫರೆನ್ಷಿಯಬಿಲಿಟಿ 20, ಡಿಟರ್ಮಿನೆಂಟ್ಸ್ 12, ಎಲ್‌ಪಿಪಿ 7. ಅಂಕಿಗಳು ಅಲುಗಾಡುವುದೇ ಅಪರೂಪ. ಅಲುಗಾಡಿದರೂ ಒಂದೆರಡು ಅಂಕ, ಅದೂ ಬಹುಪಾಲು ನಾವು ಪ್ರಶ್ನೆಯನ್ನು ಪಕ್ಕದ ಸಾಲಿಗೆ ಹಾಕಿದ್ದರಿಂದ. ಇದರಲ್ಲಿ ಮಾಯವೇನೂ ಇಲ್ಲ. ಪ್ರಶ್ನೆಪತ್ರಿಕೆ ತಯಾರಿಸುವವರ ಕೈಯಲ್ಲಿ ಪಿಯು ಇಲಾಖೆಯ ಬ್ಲೂಪ್ರಿಂಟ್ ಇರುತ್ತಿತ್ತು: ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಆ ಅಂಕ ಯಾವ ಯಾವ ಭಾಗದಲ್ಲಿ ಹಂಚಿಹೋಗಬೇಕು ಎಂಬ ಒಂದು ಹಾಳೆ. ಅದು ಗುಟ್ಟೂ ಅಲ್ಲ. ನಮ್ಮ ಸ್ಟಾಫ್‌ರೂಮಿನ ಗೋಡೆಯಲ್ಲೇ ಅಂಟಿಸಿತ್ತು. ಅದನ್ನು ತಂದು ಹಲಗೆಯ ಪಕ್ಕ ಹಿಡಿದೆ. ಹದಿಮೂರು ಸಾಲು ಕೂಡಿಸಿದರೆ 150.

‘ಮತ್ತೆ ಇಷ್ಟೊತ್ತು ಯಾಕೆ ಎಣಿಸಿದ್ವಿ ಮೇಡಂ?’ ಎಂದು ಅದೇ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಅಧ್ಯಾಯದ ಮಟ್ಟದಲ್ಲಿ ಎಣಿಸುವುದಾದರೆ ಅಲ್ಲಿಗೆ ಕೆಲಸ ಮುಗಿಯಿತು, ಹಾಳೆಯನ್ನು ನೋಡಿದರೆ ಸಾಕಿತ್ತು. ಕಳೆದ ವರ್ಷ ಬರಲಿಲ್ಲ, ಈ ವರ್ಷ ಬಂದೇ ಬರುತ್ತದೆ ಎನ್ನುವ ಲೆಕ್ಕಾಚಾರಕ್ಕೂ ಇಂಥ ಪರೀಕ್ಷೆಯಲ್ಲಿ ಜಾಗವಿಲ್ಲ. ಬರದೆ ಹೋಗುವ ಅಧ್ಯಾಯವೇ ಇಲ್ಲ. ಆದರೆ ಆ ಹಾಳೆ ಹೇಳದ ಸಂಗತಿಯೊಂದು ಒಂದು ಮೆಟ್ಟಿಲು ಕೆಳಗಿತ್ತು. ಆರಿಸಿಕೊಂಡು ಬರೆಯಬೇಕಾದ ‘ಡಿ’ ಭಾಗವನ್ನು ಮಾತ್ರ ತೆಗೆದುಕೊಂಡು ಇನ್ನೊಮ್ಮೆ ಎಣಿಸಿದೆವು. ಈ ಸಲ ಅಧ್ಯಾಯದ ಹೆಸರಲ್ಲ, ಲೆಕ್ಕದ ಜಾತಿ.

ಆಗ ಬಯಲಾದದ್ದು ನನ್ನನ್ನೂ ಸ್ವಲ್ಪ ಬೆರಗುಗೊಳಿಸಿತು, ಎಷ್ಟೋ ಸಲ ಮೌಲ್ಯಮಾಪನಕ್ಕೆ ಹೋಗಿಬಂದವಳಾದರೂ. ಐದು ಅಂಕದ ಆ ಹತ್ತು ಪ್ರಶ್ನೆಗಳು ಹತ್ತು ಜಾತಿಯವು; ವರ್ಷ ಬದಲಾದರೂ ಜಾತಿ ಬದಲಾಗುವುದಿಲ್ಲ. ಒಂದು ಫಂಕ್ಷನ್ ಕೊಟ್ಟು ಇನ್ವರ್ಟಿಬಲ್ ಎಂದು ತೋರಿಸಿ ಎನ್ನುವುದು, ಇಲ್ಲವೇ ಅದೇ ಅಧ್ಯಾಯದ ಅದರ ಸೋದರ ಲೆಕ್ಕ. ಮೂರು ಮ್ಯಾಟ್ರಿಕ್ಸ್ ಕೊಟ್ಟು ಗುಣಿಸಿ ಕೂಡಿ ತಾಳೆ ನೋಡುವುದು. ಮೂರು ಸಮೀಕರಣಗಳನ್ನು ಮ್ಯಾಟ್ರಿಕ್ಸ್ ವಿಧಾನದಿಂದ ಬಿಡಿಸುವುದು. y ಕೊಟ್ಟು ಎರಡನೇ ಡಿರೈವೇಟಿವ್‌ವರೆಗೆ ಹೋಗಿ ಒಂದು ಸಂಬಂಧ ಸಾಧಿಸುವುದು. ಏಣಿ ಜಾರುವ, ಮರಳಿನ ಗುಡ್ಡೆ ಬೆಳೆಯುವ ದರದ ಲೆಕ್ಕ. ಒಂದು ಇಂಟಿಗ್ರಲ್ ಸೂತ್ರ ಸಾಧಿಸಿ ಬಳಸುವುದು. ವೃತ್ತವೋ ಎಲಿಪ್ಸೋ ಒಳಗೊಂಡ ವಿಸ್ತೀರ್ಣ. ಒಂದು ಡಿಫರೆನ್ಷಿಯಲ್ ಸಮೀಕರಣ. ತ್ರೀಡಿಯ ಒಂದು ಸಾಧನೆ. ಪ್ರಾಬಬಿಲಿಟಿಯ ಒಂದು ಲೆಕ್ಕ.

ಹತ್ತಕ್ಕೆ ಹತ್ತು ಗೀಟು ಬಿದ್ದ ಹತ್ತು ಜಾತಿ. ಹಾಗಾದರೆ ಎಲ್ಲವೂ ಸಮಾನವೇ? ಅಲ್ಲ. ಅದನ್ನು ಕಾಣಲು ಗೀಟಿನ ಪಕ್ಕ ಇನ್ನೊಂದು ಕಾಲಂ ಬೇಕಾಯಿತು: ಆ ಐದು ಅಂಕ ನನ್ನದಾಗಬೇಕಾದರೆ ನಾನು ಒಟ್ಟು ಎಷ್ಟು ಕಲಿತಿರಬೇಕು? ತ್ರೀಡಿಯನ್ನೇ ನೋಡಿ. ಒಂದು ಬಿಂದುವಿನ ಮೂಲಕ ಹೋಗುವ ರೇಖೆ, ಎರಡು ಬಿಂದುಗಳ ಮೂಲಕ ಹೋಗುವುದು, ಸಮತಲದ ನಾರ್ಮಲ್ ರೂಪ, ಸ್ಕ್ಯೂ ರೇಖೆಗಳ ನಡುವಿನ ಅತಿ ಕಡಿಮೆ ದೂರ, ಹೀಗೆ ಐದಾರು ಸಾಧನೆಗಳ ರಾಶಿಯಿಂದ ಪ್ರತಿ ಸಲ ಒಂದನ್ನು ಎತ್ತುತ್ತಾರೆ. ಅಧ್ಯಾಯ ಖಚಿತ, ಸಾಧನೆ ಖಚಿತವಲ್ಲ. ಎರಡು ಬಾಯಿಪಾಠ ಮಾಡಿ ಹೋದವನಿಗೆ ಅದು ಸಿಗುವ ಸಂಭವ ಮೂರರಲ್ಲೊಂದು. ಮೂರು ಸಮೀಕರಣ ಬಿಡಿಸುವ ಲೆಕ್ಕ ಹಾಗಲ್ಲ. ಅಂಕಿಗಳು ಬದಲಾಗುತ್ತವೆ, ಹಾದಿ ಒಂದೇ. AX = B ಎಂದು ಬರೆ, |A| ತೆಗೆ, adj A ತೆಗೆ, ಇನ್ವರ್ಸ್ ಬರೆ, ಗುಣಿಸು. ಒಂದನ್ನು ಕಲಿತರೆ ಎಲ್ಲವನ್ನೂ ಕಲಿತಂತೆ. ನಡುವೆ ಒಂದು ಚಿಹ್ನೆ ತಪ್ಪಿದರೂ ಹಂತಹಂತಕ್ಕೆ ಅಂಕವಿರುವುದರಿಂದ ಅರ್ಧಕ್ಕಿಂತ ಹೆಚ್ಚು ಕೈಗೆ ಬರುತ್ತದೆ.

ಇಂಟಿಗ್ರಲ್ಸ್ ಕೈಕೊಟ್ಟದ್ದೂ ಇಲ್ಲೇ. 22 ಅಂಕ ನಿಜ, ಆದರೆ ಅವು ಐದೂ ಭಾಗಗಳಲ್ಲಿ ಚದುರಿವೆ. ಸಬ್ಸ್ಟಿಟ್ಯೂಷನ್, ಪಾರ್ಷಿಯಲ್ ಫ್ರಾಕ್ಷನ್, ಬೈ ಪಾರ್ಟ್ಸ್, ಸೂತ್ರಗಳ ಸಾಧನೆ, ಡೆಫಿನಿಟ್ ಇಂಟಿಗ್ರಲ್ಲಿನ ಗುಣಗಳು ಎಲ್ಲ ಸೇರಿ ಅಷ್ಟು. ಲೆಕ್ಕ ನೋಡಿದ ತಕ್ಷಣ ಯಾವ ದಾರಿ ಎಂದು ಹೊಳೆಯಬೇಕು. ಹೊಳೆಯಬೇಕಾದರೆ ತಿಂಗಳುಗಟ್ಟಲೆ ಕೈಯಾಡಿಸಿರಬೇಕು. ಆ ಹುಡುಗಿ ಅರ್ಧ ಅಧ್ಯಾಯ ಓದಿ ಹೋಗಿದ್ದಳು, ಅರ್ಧ ಅಧ್ಯಾಯಕ್ಕೆ ಅರ್ಧ ಅಂಕ ಬರಲಿಲ್ಲ. ಅತಿ ಹೆಚ್ಚು ಅಂಕದ ಅಧ್ಯಾಯವೇ ಮೊದಲು ಓದಬೇಕಾದ ಅಧ್ಯಾಯ ಎಂಬ ನಂಬಿಕೆ ತೊಂಬತ್ತು ತೆಗೆಯುವವರಿಗೆ ಹೊಂದುತ್ತದೋ ಏನೋ. ಮೂವತ್ತೈದರ ಗೆರೆ ದಾಟಬೇಕಾದವರಿಗೆ ಹೊಂದುವುದಿಲ್ಲ.

ಎಲ್‌ಪಿಪಿ ಇದಕ್ಕೆ ತದ್ವಿರುದ್ಧ. ಅಂಕ ಏಳೇ: ‘ಎ’ ಭಾಗದಲ್ಲಿ ಒಂದು, ‘ಇ’ ಭಾಗದಲ್ಲಿ ಆರು. ಒಂದು ಅಂಕಕ್ಕೆ ಫೀಸಿಬಲ್ ರೀಜನ್, ಆಬ್ಜೆಕ್ಟಿವ್ ಫಂಕ್ಷನ್, ಆಪ್ಟಿಮಲ್ ಸೊಲ್ಯೂಷನ್ ಇಂಥ ಬೆರಳೆಣಿಕೆಯ ವ್ಯಾಖ್ಯೆಗಳಿಂದ ಒಂದು. ಆರು ಅಂಕಕ್ಕೆ ಗ್ರಾಫ್ ಎಳೆಯುವ ಲೆಕ್ಕ. ಅದು ಬರುತ್ತದೆ ಎಂದು ತಿಳಿಯಲು ಎಣಿಸಬೇಕಾಗಿಯೂ ಇರಲಿಲ್ಲ. ಪ್ರಶ್ನೆಪತ್ರಿಕೆಯ ಮೊದಲ ಪುಟದ ಸೂಚನೆಗಳಲ್ಲೇ, ‘ಇ’ ಭಾಗದ ಲೀನಿಯರ್ ಪ್ರೋಗ್ರಾಮಿಂಗ್ ಪ್ರಶ್ನೆಗೆ ಗ್ರಾಫ್ ಹಾಳೆ ಬಳಸಿ ಎಂದು ಅಚ್ಚಾಗಿರುತ್ತಿತ್ತು. ಸೂಚನೆಗಳನ್ನು ಓದುವವರು ಯಾರು! ಮಾರ್ಚಿನಲ್ಲಿ ಆ ಗುಂಪಿನ ಬಹುಪಾಲು ಮಕ್ಕಳು ಗ್ರಾಫ್ ಹಾಳೆಯನ್ನು ಕೇಳಿಯೇ ಇರಲಿಲ್ಲ.

ಮೊದಲ ದಿನ ಹಾಕಿಕೊಟ್ಟದ್ದು ಪಠ್ಯದ ಮೊದಲ ಉದಾಹರಣೆಯನ್ನೇ. x + y ≤ 50, 3x + y ≤ 90, x ಮತ್ತು y ಸೊನ್ನೆಗಿಂತ ಕಡಿಮೆಯಿಲ್ಲ; Z = 4x + y ಗರಿಷ್ಠ ಎಲ್ಲಿ? ಎರಡು ಗೆರೆ ಎಳೆದರೆ ಅವು (20, 30)ರಲ್ಲಿ ಕೂಡುತ್ತವೆ. ಅರ್ಧ ಕ್ಲಾಸು ಅಲ್ಲೇ ನಿಂತು ಉತ್ತರ 110 ಎಂದಿತು. ಗೆರೆಗಳು ಕೂಡುವ ಜಾಗದಲ್ಲೇ ಉತ್ತರವಿರಬೇಕು ಎನ್ನುವುದು ಎಲ್ಲರಿಗೂ ಬರುವ ಊಹೆ. ನಾಲ್ಕು ಮೂಲೆಗಳನ್ನೂ ಬರೆದು ಬೆಲೆ ಹಾಕಿ ನೋಡಿದರೆ (0, 0)ರಲ್ಲಿ 0, (0, 50)ರಲ್ಲಿ 50, (20, 30)ರಲ್ಲಿ 110, (30, 0)ರಲ್ಲಿ 120. ಉತ್ತರ ಅಕ್ಷದ ಮೇಲೆ ಕೂತಿದೆ. ಮೂಲೆಗಳ ಕೋಷ್ಟಕ ಬರೆಯದೆ ಉತ್ತರ ಬರೆಯಬೇಡಿ ಎಂದು ಹೇಳಿದ್ದಕ್ಕಿಂತ ಈ ಒಂದು ಲೆಕ್ಕದಲ್ಲಿ ಎಡವಿದ್ದು ಅವರಿಗೆ ಹೆಚ್ಚು ನೆನಪುಳಿಯಿತು. ಎರಡು ವಾರದ ಹೊತ್ತಿಗೆ ಆ ಆರು ಅಂಕ ಕ್ಲಾಸಿನಲ್ಲಿ ಬಹುಪಾಲು ಎಲ್ಲರ ಕೈಯಲ್ಲಿತ್ತು. ಅದರ ಜೊತೆಗೆ ಬರುವ ನಾಲ್ಕು ಅಂಕದ ತುಂಡು ಡಿಟರ್ಮಿನೆಂಟ್ ಗುಣದ್ದೋ, ಫಂಕ್ಷನ್ ಕಂಟಿನ್ಯುಯಸ್ ಆಗಲು k ಎಷ್ಟು ಎನ್ನುವುದೋ, ಎರಡರಲ್ಲೊಂದು. ಯಾವುದಕ್ಕೆ ಯಾವುದು ಜೋಡಿ ಎಂದು ಊಹಿಸಲು ಹೋಗದೆ ಎರಡನ್ನೂ ಕಲಿಸಿದೆ.

ಆಮೇಲೆ ಬೀರುವಿನಿಂದ ಮಾರ್ಚ್ 2019ರ ಪೇಪರನ್ನು ಹೊರತೆಗೆದೆ. ಹಲಗೆಯ ಮೇಲೆ ಹತ್ತು ಜಾತಿಗಳ ಪಟ್ಟಿ ಹಾಗೇ ಇತ್ತು. 39ನೇ ಪ್ರಶ್ನೆಯಿಂದ 48ರವರೆಗೆ ಒಬ್ಬೊಬ್ಬರೇ ಓದುತ್ತಾ ಹೋದರು, ಒಂದೊಂದೂ ತನ್ನ ಸಾಲಿನಲ್ಲಿ ಹೋಗಿ ಕೂತಿತು. ತಾವು ಬೆವರುತ್ತಾ ಬರೆದು ಬಂದಿದ್ದ ಪೇಪರು ಅದು. ಕೆಲವರು ನಕ್ಕರು, ಒಬ್ಬಿಬ್ಬರಿಗೆ ಸಿಟ್ಟೂ ಬಂತು.

ಅವಳಿಗೂ ಉಳಿದವರಿಗೂ ಹಾಕಿಕೊಟ್ಟ ಲೆಕ್ಕ ಹೀಗಿತ್ತು. ‘ಡಿ’ಯಲ್ಲಿ ಒಂದೇ ಹಾದಿಯವು ಐದು: ಎರಡು ಮ್ಯಾಟ್ರಿಕ್ಸ್, ಎರಡನೇ ಡಿರೈವೇಟಿವ್, ಫಂಕ್ಷನ್, ಡಿಫರೆನ್ಷಿಯಲ್ ಸಮೀಕರಣ. ಅಲ್ಲಿಗೆ 25. ‘ಇ’ಯಲ್ಲಿ ಎಲ್‌ಪಿಪಿ ಮತ್ತು ಅದರ ಜೊತೆಯದು ಸೇರಿ 10. ಬರೀ ಇಷ್ಟರಲ್ಲೇ 35 ಆಯಿತಲ್ಲ ಎಂದು ಹುಡುಗರು ಕುಣಿದರು. ನಾನು ಕುಣಿಯಲಿಲ್ಲ. ಅದು ಒಂದು ತಪ್ಪೂ ಮಾಡದವರ ಲೆಕ್ಕ. ಮೌಲ್ಯಮಾಪನದಲ್ಲಿ ಕಂಡ ಹಾಗೆ ಇಂಥ ಮಕ್ಕಳು ಗೊತ್ತಿರುವ ಪ್ರಶ್ನೆಯಲ್ಲೂ ಕಾಲು ಭಾಗ ಕಳೆದುಕೊಳ್ಳುತ್ತಾರೆ. ಹಾಗೆ ನೋಡಿದರೆ ಕೈಗೆ ಬರುವುದು 26ರ ಸುತ್ತ. ಉಳಿದ ಹತ್ತನ್ನು ‘ಎ’ ಭಾಗದಿಂದಲೂ, ಇದೇ ಅಧ್ಯಾಯಗಳ ಎರಡು ಮೂರು ಅಂಕದ ಪ್ರಶ್ನೆಗಳಿಂದಲೂ ತರಬೇಕಿತ್ತು. ಆ ಸಣ್ಣ ಪ್ರಶ್ನೆಗಳ ಮಟ್ಟದಲ್ಲಿ ಎಣಿಕೆ ನಮಗೆ ಹೆಚ್ಚು ಸಹಾಯ ಮಾಡಲಿಲ್ಲ. ಎರಡು ಅಂಕದ ಪ್ರಶ್ನೆ ಅಧ್ಯಾಯದ ಯಾವ ಮೂಲೆಯಿಂದಲಾದರೂ ಬರಬಹುದು. ಹತ್ತು ಪೇಪರಿನಲ್ಲಿ ಒಂದು ಲೆಕ್ಕ ಮೂರು ಸಲ ಕಂಡಿತೆಂದರೆ ಅದರಿಂದ ಏನನ್ನೂ ಹೇಳಲಾಗುವುದಿಲ್ಲ. ಅಲ್ಲಿ ಪುಸ್ತಕದ ಅಭ್ಯಾಸಗಳನ್ನು ಮಾಡಿಸಿದ್ದೇ ದಾರಿ.

ಜೂನ್‌ನಲ್ಲಿ ಅವಳು ಪಾಸಾದಳು, ನಲವತ್ತರ ಮೇಲೆ ಒಂದೆರಡು. ಎಲ್ಲರೂ ಆಗಲಿಲ್ಲ. ಪಟ್ಟಿ ಕೈಗೆ ಸಿಕ್ಕಿತೆಂದು ಅದನ್ನೇ ಓದೆಂದು ಭಾವಿಸಿದ ಇಬ್ಬರು, ಒಂದು adj A ಕೂಡ ಕೊನೆ ಮುಟ್ಟಿಸದೆ ಹೋದವರು, ಉಳಿದುಕೊಂಡರು.

ಅದೇ ವಿಧಾನವನ್ನು ಸಿಇಟಿಗೆ ಹಚ್ಚಿ ಕೊಡಿ ಎಂದು ಮುಂದಿನ ವರ್ಷ ಬೇರೆ ಮಕ್ಕಳು ಬೆನ್ನುಬಿದ್ದರು. ಹಚ್ಚಿಯೂ ನೋಡಿದೆವು. ಅಲ್ಲಿ ಗಣಿತಕ್ಕೆ ಒಂದೊಂದು ಅಂಕದ ಅರವತ್ತು ಪ್ರಶ್ನೆ, ಮೊದಲ ವರ್ಷದ ಪಾಠವೂ ಸೇರುತ್ತದೆ, ‘ಡಿ’ ಭಾಗದ ಹಾಗೆ ಕಾದಿರಿಸಿದ ಜಾಗಗಳಿಲ್ಲ. ದೊಡ್ಡ ಅಧ್ಯಾಯ ದೊಡ್ಡದಾಗಿ, ಸಣ್ಣದು ಸಣ್ಣದಾಗಿ ಕಾಣಿಸಿದ್ದು ಬಿಟ್ಟರೆ ಹೆಚ್ಚೇನೂ ಹೊರಬರಲಿಲ್ಲ. ಒಂದು ಅಧ್ಯಾಯ ಒಂದು ವರ್ಷ ಎರಡು ಪ್ರಶ್ನೆ, ಇನ್ನೊಂದು ವರ್ಷ ಐದು ಕೊಡುತ್ತದೆ. ಸರಾಸರಿ ಮೂರೂವರೆ ಎಂದು ಬರೆದುಕೊಂಡು ಏನು ಮಾಡುವುದು? ತಪ್ಪಿದ್ದಕ್ಕೆ ಅಂಕ ಕಳೆಯದ ಆ ಪರೀಕ್ಷೆಯಲ್ಲಿ ಅಧ್ಯಾಯ ಬಿಡುವ ಲೆಕ್ಕಕ್ಕಿಂತ ಸಮಯದ ಲೆಕ್ಕ ಮುಖ್ಯ ಎಂದು ಹೇಳಿ ಕಳಿಸಿದೆ.

ನಮ್ಮ ಹತ್ತು ಜಾತಿಗಳ ಪಟ್ಟಿಯ ಆಯಸ್ಸೂ ಹೆಚ್ಚಿರಲಿಲ್ಲ. 2021ರಲ್ಲಿ ಕೋವಿಡ್‌ನಿಂದ ಪರೀಕ್ಷೆಯೇ ರದ್ದಾಯಿತು. ಮುಂದಿನ ವರ್ಷ ಪಠ್ಯವನ್ನು ಕಡಿತ ಮಾಡಿ ನಡೆಸಿದರು. ಆಮೇಲೆ ಎನ್‌ಸಿಇಆರ್‌ಟಿ ಪುಸ್ತಕವನ್ನೇ ತೆಳ್ಳಗೆ ಮಾಡಿದಾಗ ಡಿಟರ್ಮಿನೆಂಟಿನ ಗುಣಗಳು ಹೋದವು, ತ್ರೀಡಿಯ ಸಮತಲಗಳು ಹೋದವು, ಬರ್ನೂಲಿ ಟ್ರಯಲ್ಸ್ ಹೋಯಿತು. ಬಹು ಆಯ್ಕೆಯ ಪ್ರಶ್ನೆಗಳು ಬಂದವು, ಆಂತರಿಕ ಅಂಕ ಬಂದು ಲಿಖಿತ ಪರೀಕ್ಷೆ 80ಕ್ಕೆ ಇಳಿಯಿತು. ಅಧ್ಯಾಯದ ಹೆಸರು ಮಾತ್ರ ಹಾಗೇ ಉಳಿದದ್ದರಿಂದ ಹಳೇ ಪಟ್ಟಿ ಇನ್ನೂ ಸರಿಯೆಂದೇ ತೋರುತ್ತದೆ, ಅದೇ ಅಪಾಯ. 2024ರ ಸಿಇಟಿಯಲ್ಲಿ ಹೀಗೆ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ಗದ್ದಲವಾಗಿ, ಎಲ್ಲ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಈಗ ಯಾರಾದರೂ ಎಣಿಸಲು ಕೂತರೆ ನಾನು ಮೊದಲು ಕೇಳುವುದು ಪೇಪರಿನ ಮೊದಲ ಪುಟವನ್ನು. ಸೂಚನೆಗಳು ಒಂದೇ ಆಗಿರುವ ಪೇಪರುಗಳನ್ನು ಮಾತ್ರ ಒಂದು ಕಟ್ಟಿಗೆ ಹಾಕು ಎನ್ನುತ್ತೇನೆ. ಆಗ ಹತ್ತು ವರ್ಷದ ಕಟ್ಟು ಮೂರು ವರ್ಷಕ್ಕೋ ಎರಡಕ್ಕೋ ಇಳಿಯುತ್ತದೆ. ಆದರೆ 2024ರಲ್ಲಿ ವಾರ್ಷಿಕ, ಪೂರಕ ಎಂಬುದು ಹೋಗಿ ಪರೀಕ್ಷೆ ಒಂದು, ಎರಡು, ಮೂರು ಎಂದಾಯಿತು. ಹಾಗಾಗಿ ಆ ವರ್ಷಕ್ಕೆ ಮೂರು ಪೇಪರು ಸಿಕ್ಕವು.